ಎಪ್ಪತ್ತಾರು ಸಾವಿರದ ಎಂಟುನೂರರ ಟ್ರಯಲ್ ಬ್ಯಾಲೆನ್ಸ್

ನಾನು ಹುಟ್ಟು ಅನುಮಾನದವಳು. ಹಾಲಿನ ಪ್ಯಾಕೆಟ್ ಒದ್ದೆಯಾಗಿದ್ದರೆ ಎಲ್ಲಿ ತೂತಾಗಿದೆ ಎಂದು ಹಿಂಡಿ ನೋಡುವವಳು. ಮನೆಗೆ ಬಂದ ನೆಂಟರು ಸಾರು ಚೆನ್ನಾಗಿದೆ ಎಂದು ಎರಡು ಸಲ ಹೇಳಿದರೆ, ಏನು ಕೇಳಲು ಬಂದಿದ್ದಾರೋ ಎಂದು ಮೂರನೆಯ ಸಲಕ್ಕೆ ಕಾಯುವವಳು. ಇದು ಅಪ್ಪನಿಂದ ಬಂದ ಗುಣ. ಉಡುಪಿ ಕಡೆಯಿಂದ ಬಂದು ಮುಂಬೈ ಪಕ್ಕದ ಠಾಣೆ ಊರಿನ ಒಂದು ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಆಯುಷ್ಯ ಕಳೆದ ಮನುಷ್ಯ ಅವರು. ಮನೆಯಲ್ಲಿ ಚಮಚ ಕಾಣದಿದ್ದರೂ ಮೊದಲು ಅಮ್ಮನ ಮುಖ ನೋಡುತ್ತಿದ್ದರು, ಆಮೇಲೆ ನನ್ನ ಮುಖ. ಅವರನ್ನು ಬೈದುಕೊಳ್ಳುತ್ತಲೇ ನಾನು ಅವರ ಹಾಗೆಯೇ ಆದೆ.

ಓದಿದ್ದು ಕಾಮರ್ಸ್, ಕಲಿಸಿದ್ದು ಅಕೌಂಟ್ಸ್. ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷವಾಗಿತ್ತು. ಆಗ ನಾನು ಠಾಣೆಯಿಂದ ದಿನಾ ಮಧ್ಯಾಹ್ನ ಡೊಂಬಿವಿಲಿಗೆ ಹೋಗಿ, ಸ್ಟೇಷನ್ನಿಗೆ ಹತ್ತು ನಿಮಿಷದ ದಾರಿಯಲ್ಲಿದ್ದ ಒಂದು ಕೋಚಿಂಗ್ ಕ್ಲಾಸಿನಲ್ಲಿ ಹನ್ನೊಂದನೆಯ ತರಗತಿಯವರಿಗೆ ಪಾಠ ಹೇಳುತ್ತಿದ್ದೆ. ಮೊದಲ ಮಹಡಿ, ಎರಡು ಕೋಣೆ, ಒಂದು ಕ್ಯಾಬಿನ್. ಕ್ಯಾಬಿನ್ನಿನಲ್ಲಿ ಕೂರುತ್ತಿದ್ದವರು ಕ್ಲಾಸಿನ ಮಾಲೀಕರು. ಎಲ್ಲರೂ ಅವರನ್ನು ಸರ್ ಎನ್ನುತ್ತಿದ್ದರು, ನಾನೂ ಹಾಗೆಯೇ. ಮರಾಠಿಯವರು, ಮೆತ್ತಗಿನ ಮನುಷ್ಯ, ಯಾವ ಜಗಳವನ್ನೂ ಚಹಾ ತರಿಸಿ ಮುಗಿಸುವವರು.

ಪ್ರತಿ ಶನಿವಾರ ನಾನು ಒಂದು ವರ್ಕ್‌ಶೀಟ್ ಮಾಡಿ ಪರೀಕ್ಷೆ ಕೊಡುತ್ತಿದ್ದೆ. ಒಬ್ಬ ಕಾಲ್ಪನಿಕ ವ್ಯಾಪಾರಿಯ ಒಂದು ತಿಂಗಳ ಹತ್ತು ಹನ್ನೊಂದು ವ್ಯವಹಾರಗಳು. ಮಕ್ಕಳು ಮೊದಲು ಪ್ರತಿಯೊಂದಕ್ಕೂ ಜರ್ನಲ್ ಎಂಟ್ರಿ ಬರೆಯಬೇಕು, ಯಾವ ಖಾತೆ ಡೆಬಿಟ್, ಯಾವ ಖಾತೆ ಕ್ರೆಡಿಟ್ ಎಂದು. ಆಮೇಲೆ ಆ ಎರಡೂ ಮೊತ್ತಗಳನ್ನು ಲೆಡ್ಜರಿನಲ್ಲಿ ಆಯಾ ಖಾತೆಗೆ ಒಯ್ದು ಬರೆಯಬೇಕು. ಅದಕ್ಕೆ ಪೋಸ್ಟಿಂಗ್ ಎನ್ನುತ್ತಾರೆ. ಪ್ರತಿ ಖಾತೆಯ ಬಾಕಿ ತೆಗೆದು, ಡೆಬಿಟ್ ಬಾಕಿಗಳನ್ನು ಒಂದು ಕಡೆ, ಕ್ರೆಡಿಟ್ ಬಾಕಿಗಳನ್ನು ಇನ್ನೊಂದು ಕಡೆ ಬರೆದು ಕೂಡಿದರೆ ಅದು ಟ್ರಯಲ್ ಬ್ಯಾಲೆನ್ಸ್. ಎರಡು ಕಡೆಯ ಮೊತ್ತವೂ ಒಂದೇ ಬರಬೇಕು. ಬಂದರೆ ಟ್ಯಾಲಿ ಆಯಿತು ಎಂದು ಮಕ್ಕಳು ಬೆಂಚು ಕುಟ್ಟುತ್ತಿದ್ದರು. ನಾನು ಕುಟ್ಟಲು ಬಿಡುತ್ತಿರಲಿಲ್ಲ. ಟ್ಯಾಲಿ ಆದದ್ದೆಲ್ಲ ಸರಿ ಅಲ್ಲ, ತಪ್ಪು ಖಾತೆಗೆ ಬರೆದರೂ ಬದಿ ಸರಿಯಿದ್ದರೆ ಟ್ಯಾಲಿ ಆಗುತ್ತದೆ ಎಂದು ಹೆದರಿಸುತ್ತಿದ್ದೆ. ಇದನ್ನು ಹೇಳುವಾಗ ನನಗೆ ಒಂದು ಬಗೆಯ ಖುಷಿಯೂ ಆಗುತ್ತಿತ್ತು, ಸುಳ್ಳೇಕೆ ಹೇಳಲಿ.

ಆ ಬ್ಯಾಚಿನಲ್ಲಿ ಒಬ್ಬಳು ಹುಡುಗಿಯಿದ್ದಳು. ಕಲ್ಯಾಣದ ಆಚೆಯ ಬಡವರ ಬಸ್ತಿಯವಳು. ತಂದೆಗೆ ಠಾಣೆಯ ವಾಗ್ಳೆ ಎಸ್ಟೇಟಿನ ಕಾರ್ಖಾನೆಗಳಲ್ಲಿ ಲೋಡಿಂಗ್ ಕೆಲಸ, ಮೂಲ ಕಲಬುರಗಿಯ ಕಡೆ. ತಾಯಿ ಬೆಳಿಗ್ಗೆ ನಮ್ಮ ಕ್ಲಾಸಿನ ಕಸ ಗುಡಿಸಿ ನೆಲ ಒರೆಸುತ್ತಿದ್ದಳು. ತಾಯಿಯ ಕೆಲಸಕ್ಕೆ ಪ್ರತಿಯಾಗಿ ಮಗಳಿಗೆ ಪಾಠ ಎಂದು ಸರ್ ಮಾತು ಮಾಡಿಕೊಂಡಿದ್ದರು. ಕ್ಲಾಸಿನ ಬೀಗದಕೈ ಒಂದು ತಾಯಿಯ ಬಳಿ ಇರುತ್ತಿತ್ತು. ಹುಡುಗಿ ಕನ್ನಡ ಕೇಳಿದರೆ ತಿಳಿದುಕೊಳ್ಳುತ್ತಿದ್ದಳು, ಉತ್ತರ ಮಾತ್ರ ಹಿಂದಿಯಲ್ಲಿ. ತಾಯಿ ನನ್ನ ಕನ್ನಡ ಕೇಳಿದ ಮೊದಲ ದಿನ, "ನೀವು ನಮ್ಮ ಕಡ್ಯಾರೇನ್ರಿ ಮೇಡಂ?" ಎಂದು ಮುಖವರಳಿಸಿ ಕೇಳಿದ್ದಳು. ಅಲ್ಲ, ನಾನು ಕರಾವಳಿಯವಳು ಎಂದೆ. "ಆಗ್ವಲ್ದ್ಯಾಕ್ರಿ, ಕನ್ನಡಾನೇ ಅಲ್ಲೇನ್ರಿ" ಎಂದಿದ್ದಳು.

ಜುಲೈ ತಿಂಗಳಲ್ಲಿ ಆ ಹುಡುಗಿ ಡೆಬಿಟ್ ಎಂದರೆ ಎಡವೋ ಬಲವೋ ಎಂದು ತಡಕಾಡುತ್ತಿದ್ದವಳು. ಆಗಸ್ಟ್ ಕೊನೆಗೆ ನೋಡಿದರೆ ಅವಳ ಟ್ರಯಲ್ ಬ್ಯಾಲೆನ್ಸ್ ವಾರ ವಾರವೂ ಟ್ಯಾಲಿ. ಉಳಿದವರು ಇನ್ನೂ ವ್ಯತ್ಯಾಸ ಹುಡುಕಿಕೊಂಡು ತಲೆ ಕೆರೆದುಕೊಳ್ಳುವಾಗ ಇವಳು ಕಾಗದ ತಂದು ಮೇಜಿನ ಮೇಲೆ ಇಡುತ್ತಿದ್ದಳು. ಕಾಗದದಲ್ಲಿ ಕಾಟು ಹೊಡೆದದ್ದಿಲ್ಲ, ತಿದ್ದಿದ್ದಿಲ್ಲ. ಲೆಡ್ಜರ್ ಪೋಸ್ಟಿಂಗ್ ಮಾಡಿದ ಹದಿನಾರು ವರ್ಷದವರ ಕಾಗದ ಹಾಗಿರುವುದಿಲ್ಲ. ನನಗೆ ತಲೆಯೊಳಗೆ ಹುಳ ಹೊಕ್ಕಿತು.

ಆಮೇಲೆ ಕಣ್ಣಿಗೆ ಬಿದ್ದದ್ದೆಲ್ಲ ಸಾಕ್ಷಿಯೇ. ನಾನು ಉತ್ತರದ ಕಾಗದವನ್ನು ಶುಕ್ರವಾರವೇ ಬರೆದು ಕ್ಯಾಬಿನ್ನಿನ ಕಪಾಟಿನ ಡ್ರಾಯರಿನಲ್ಲಿ ಇಡುತ್ತಿದ್ದೆ, ಶನಿವಾರ ಸಂಜೆಯೇ ಸರ್ ಕೆಲವು ಕಾಗದ ತಿದ್ದಲು ಅನುಕೂಲ ಎಂದು. ಕಪಾಟಿನ ಬೀಗದಕೈ ಕ್ಯಾಲೆಂಡರಿನ ಹಿಂದೆ ಮೊಳೆಗೆ ನೇತಾಡುತ್ತಿತ್ತು, ಅದು ಎಲ್ಲರಿಗೂ ಗೊತ್ತು. ಒಂದು ಶನಿವಾರ ಬೇರೊಂದು ಬ್ಯಾಚಿಗಾಗಿ ಬೆಳಿಗ್ಗೆಯೇ ಹೋಗಿದ್ದೆ. ತಾಯಿ ಹೊರಗೆ ಮೆಟ್ಟಿಲು ಒರೆಸುತ್ತಿದ್ದಳು, ಹುಡುಗಿ ಕ್ಯಾಬಿನ್ನಿನೊಳಗೆ ಕಪಾಟಿಗೆ ಬೆನ್ನು ಹಾಕಿ ನಿಂತಿದ್ದಳು. ನನ್ನನ್ನು ನೋಡಿ ಬೆಚ್ಚಿದಳು. "ಫ್ಯಾನ್ ಬಂದ್ ಕರ್ನೇ ಆಯೀ ಥೀ ಮ್ಯಾಡಮ್" ಎಂದಳು, ಫ್ಯಾನು ಆರಿಸಲು ಬಂದೆ ಎಂದು. ಫ್ಯಾನು ನಿಜವಾಗಿಯೂ ನಿಂತಿತ್ತು. ಆದರೆ ಅದು ಮೊದಲೇ ನಿಂತಿತ್ತೋ, ಈಗ ನಿಂತಿತೋ?

ಇನ್ನೊಂದು ವಿಚಿತ್ರವನ್ನೂ ಕಂಡೆ. ಉತ್ತರದ ಜೊತೆ ಅವಳು ಕೊಟ್ಟ ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ಪ್ರತಿ ವ್ಯವಹಾರದ ಪಕ್ಕ ಪೆನ್ಸಿಲಿನ ಸಣ್ಣ ಚುಕ್ಕಿಗಳು. ಹೆಚ್ಚಿನವಕ್ಕೆ ಎರಡು, ಅಲ್ಲೊಂದು ಇಲ್ಲೊಂದಕ್ಕೆ ಮೂರು. ಯಾರೋ ಹೇಳಿಕೊಟ್ಟ ಗುರುತು, ಉತ್ತರ ನೆನಪಿಟ್ಟುಕೊಳ್ಳುವ ಸಂಕೇತ ಎಂದು ನಾನು ತೀರ್ಮಾನಿಸಿದೆ. ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ನಿಂತುಕೊಂಡೇ ಆ ಚುಕ್ಕಿಗಳನ್ನು ಮತ್ತೆ ಮತ್ತೆ ಎಣಿಸಿದೆ. ಪಕ್ಕದ ಹೆಂಗಸು ನನ್ನನ್ನು ಅನುಮಾನದಿಂದ ನೋಡಿದಳು. ನಾನೂ ಅವಳನ್ನು ಹಾಗೆಯೇ ನೋಡಿದೆ.

ಸರ್‌ಗೆ ಹೇಳಿದೆ. ಅವರು, "ಹುಶಾರ್ ಅಸೇಲ್ ಮುಲಗಿ, ಮೇಡಂ" ಎಂದರು. ಜಾಣೆ ಇರಬಹುದು ಹುಡುಗಿ ಎಂದರ್ಥ. ಚಹಾ ತರಿಸಿದರು. ಚಹಾ ಕುಡಿಯುತ್ತಾ ನಾನು ಬಲೆ ಹೆಣೆದೆ.

ಬಲೆ ಹೀಗಿತ್ತು. ಮುಂದಿನ ಶನಿವಾರದ ವರ್ಕ್‌ಶೀಟಿಗೆ ಎರಡು ಉತ್ತರ ಬರೆಯುವುದು. ಸರಿಯಾದ್ದು ನನ್ನ ಚೀಲದಲ್ಲಿ. ತಪ್ಪಾದ್ದು ಡ್ರಾಯರಿನಲ್ಲಿ. ಆದರೆ ತಪ್ಪು ಉತ್ತರವೂ ಟ್ಯಾಲಿ ಆಗಬೇಕು, ಇಲ್ಲದಿದ್ದರೆ ಕದ್ದವಳಿಗೆ ಗೊತ್ತಾಗಿಬಿಡುತ್ತದೆ. ಹನ್ನೊಂದು ವ್ಯವಹಾರಗಳು. ವ್ಯಾಪಾರಿ ಐವತ್ತು ಸಾವಿರ ನಗದು ಹಾಕಿ ಅಂಗಡಿ ತೆರೆದ. ಹನ್ನೆರಡು ಸಾವಿರಕ್ಕೆ ನಗದು ಖರೀದಿ. ಆರು ಸಾವಿರದ ಫರ್ನಿಚರ್. ಹತ್ತು ಸಾವಿರದ ಮಾಲು ಉದ್ದರಿ, ಎಂದರೆ ಸಾಲಕ್ಕೆ, ನೂರಕ್ಕೆ ಹತ್ತು ಟ್ರೇಡ್ ಡಿಸ್ಕೌಂಟ್ ಕಳೆದು ಒಂಬತ್ತು ಸಾವಿರ ಮಾತ್ರ ಬರೆಯಬೇಕು. ಹದಿನಾಲ್ಕು ಸಾವಿರದ ನಗದು ಮಾರಾಟ, ಎಂಟು ಸಾವಿರದ ಉದ್ದರಿ ಮಾರಾಟ. ಏಳನೆಯದು, ವ್ಯಾಪಾರಿ ಎಂಟುನೂರು ರೂಪಾಯಿಯ ಮಾಲನ್ನು ಮನೆಯ ಬಳಕೆಗೆ ಒಯ್ದ. ಆಮೇಲೆ ಬಾಡಿಗೆ ಎರಡು ಸಾವಿರ. ಉದ್ದರಿ ಗಿರಾಕಿ ಎಂಟು ಸಾವಿರಕ್ಕೆ ಏಳು ಸಾವಿರದ ಎಂಟುನೂರು ಕೊಟ್ಟು ಲೆಕ್ಕ ಚುಕ್ತಾ ಮಾಡಿದ, ಇನ್ನೂರು ರಿಯಾಯಿತಿ. ಕೂಲಿ ಒಂದೂವರೆ ಸಾವಿರ. ಮಾಲು ಕೊಟ್ಟವನಿಗೆ ಐದು ಸಾವಿರ ಪಾವತಿ.

ಬಲೆಯ ಗಂಟು ಇದ್ದದ್ದು ಏಳನೆಯದರಲ್ಲಿ. ಮಾಲೀಕ ಮನೆಗೆ ಮಾಲು ಒಯ್ದರೆ ಡ್ರಾಯಿಂಗ್ಸ್ ಖಾತೆ ಡೆಬಿಟ್, ಖರೀದಿ ಖಾತೆ ಕ್ರೆಡಿಟ್. ಏಕೆಂದರೆ ಅದು ಮಾರಾಟವಲ್ಲ, ಖರೀದಿಯಾದದ್ದರಲ್ಲಿ ಅಷ್ಟು ಕಡಿಮೆಯಾದದ್ದು. ಸರಿ ಮಾಡಿದರೆ ಖರೀದಿಯ ಬಾಕಿ ಇಪ್ಪತ್ತು ಸಾವಿರದ ಇನ್ನೂರು, ಮಾರಾಟ ಇಪ್ಪತ್ತೆರಡು ಸಾವಿರ, ಟ್ರಯಲ್ ಬ್ಯಾಲೆನ್ಸಿನ ಎರಡೂ ಕಡೆ ಎಪ್ಪತ್ತಾರು ಸಾವಿರ. ಡ್ರಾಯರಿನ ಕಾಗದದಲ್ಲಿ ನಾನು ಖರೀದಿಯ ಬದಲು ಮಾರಾಟದ ಖಾತೆಗೆ ಕ್ರೆಡಿಟ್ ಕೊಟ್ಟೆ. ಖರೀದಿ ಇಪ್ಪತ್ತೊಂದು ಸಾವಿರವಾಗಿ ಉಳಿಯಿತು, ಮಾರಾಟ ಇಪ್ಪತ್ತೆರಡು ಸಾವಿರದ ಎಂಟುನೂರಾಯಿತು. ಎರಡೂ ಕಡೆ ಎಪ್ಪತ್ತಾರು ಸಾವಿರದ ಎಂಟುನೂರು. ನೀಟಾಗಿ ಟ್ಯಾಲಿ. ಇಷ್ಟು ಚಂದದ ತಪ್ಪನ್ನು ಯಾರೂ ತಾನಾಗಿ ಮಾಡಲಾರರು ಎಂದು ನಾನು ಬೀಗಿದೆ.

ಕಾಗದವನ್ನು ಡ್ರಾಯರಿನಲ್ಲಿ ಅಂಚಿಗೆ ಸಮನಾಗಿ ಇಟ್ಟು, ಅದರ ಮೇಲೆ ಒಂದು ಬೆಂಕಿಕಡ್ಡಿ ಅಡ್ಡ ಇಟ್ಟೆ. ಶನಿವಾರ ಮಧ್ಯಾಹ್ನ ಬಂದು ಮೊದಲು ನೋಡಿದ್ದು ಅದನ್ನೇ. ಕಡ್ಡಿ ಡ್ರಾಯರಿನ ಮೂಲೆಗೆ ಉರುಳಿತ್ತು. ಕಾಗದ ಓರೆಯಾಗಿತ್ತು. ನನ್ನ ಎದೆ ಹೊಡೆದುಕೊಂಡಿತು. ನಿಜ ಹೇಳುತ್ತೇನೆ, ದುಃಖದಿಂದಲ್ಲ.

ಪರೀಕ್ಷೆಯಾಯಿತು. ಅವಳು ಎಂದಿನಂತೆ ಎಲ್ಲರಿಗಿಂತ ಮೊದಲು ಕಾಗದ ತಂದಿಟ್ಟಳು. ಅವಳು ಬೆನ್ನು ತಿರುಗಿಸುವ ಮೊದಲೇ ನಾನು ಕೊನೆಯ ಪುಟ ತೆರೆದೆ. ಎಪ್ಪತ್ತಾರು ಸಾವಿರದ ಎಂಟುನೂರು. ಎಡಗಡೆಯೂ ಅದೇ, ಬಲಗಡೆಯೂ ಅದೇ, ಕೆಳಗೆ ಸ್ಕೇಲಿಟ್ಟು ಎಳೆದ ಎರಡು ಗೆರೆ. ಉಳಿದ ಮಕ್ಕಳ ಕಾಗದಗಳನ್ನು ಕಟ್ಟು ಕಟ್ಟಿ ಚೀಲಕ್ಕೆ ತುರುಕಿದೆ. ಅವನ್ನು ನೋಡುವ ಅಗತ್ಯವೇ ಕಾಣಲಿಲ್ಲ. ನನಗೆ ಬೇಕಾದದ್ದು ಒಂದೇ ಕಾಗದ, ಅದು ನನ್ನ ಕೈಯಲ್ಲಿತ್ತು.

ಸೋಮವಾರ ಸಂಜೆ ತಾಯಿಯನ್ನೂ ಮಗಳನ್ನೂ ಕ್ಯಾಬಿನ್ನಿಗೆ ಕರೆಸಿದೆವು. ಸರ್ ಕುರ್ಚಿಯಲ್ಲಿ, ನಾನು ಮೇಜಿನ ಪಕ್ಕ. ತಾಯಿ ಸೆರಗು ಹೊದ್ದು ಬಾಗಿಲ ಹತ್ತಿರ ನಿಂತಳು, ಕೂರಿ ಎಂದರೂ ಕೂರಲಿಲ್ಲ. ನಾನು ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟೆ, ಡ್ರಾಯರಿನಲ್ಲಿದ್ದದ್ದು, ಹುಡುಗಿ ಬರೆದದ್ದು.

"ಇದು ನಾನು ಬೇಕೆಂದೇ ತಪ್ಪು ಬರೆದ ಉತ್ತರ. ಇದು ನಿಮ್ಮ ಮಗಳ ಉತ್ತರ. ಎರಡೂ ಒಂದೇ. ಹೇಗೆ?" ಎಂದೆ.

ತಾಯಿಗೆ ಅಂಕೆಗಳು ಗೊತ್ತಿದ್ದವೋ ಇಲ್ಲವೋ, ಅವಳು ಕಾಗದ ನೋಡಲೇ ಇಲ್ಲ, ನನ್ನನ್ನು ನೋಡಿದಳು. "ಏನ್ ಅಂತೀರಿ ಮೇಡಂ, ನನಗ ತಿಳೀವಲ್ದು."

"ಡ್ರಾಯರ್ ತೆಗೆದು ನೋಡಿದ್ದಾಳೆ. ಬೆಳಿಗ್ಗೆ ನಿಮ್ಮ ಜೊತೆ ಬರುತ್ತಾಳಲ್ಲ, ಆಗ."

"ಅಯ್ಯ, ಇಲ್ರಿ! ನಾ ಕಸಾ ಹೊಡಿಲಾಕ ಬರ್ತೀನಿ. ಕಪಾಟ ತಗೀಲಾಕ ಬರಂಗಿಲ್ಲ. ನನ್ನ ಮಗಳು ಅಂಥಾಕಿ ಅಲ್ರಿ."

ಹುಡುಗಿಯ ಮುಖ ಬಿಳಿಚಿತ್ತು. "ಮೈನೇ ಖುದ್ ಕಿಯಾ ಹೈ ಮ್ಯಾಡಮ್," ಎಂದಳು, ನಾನೇ ಮಾಡಿದ್ದು ಎಂದು.

"ಹಾಗಾದರೆ ಮನೆಗೆ ಒಯ್ದ ಮಾಲನ್ನು ಮಾರಾಟಕ್ಕೆ ಯಾಕೆ ಬರೆದೆ?"

"ಮಾಲ್ ಬಾಹರ್ ಗಯಾ ನಾ. ಆಪ್ ಹೀ ನೇ ತೋ ಲಿಖ್ವಾಯಾ ಥಾ, ದುಕಾನ್ ಸೇ ಜೋ ಬಾಹರ್ ಜಾಯೇ ವೋ ಸೇಲ್ಸ್." ಅಂಗಡಿಯಿಂದ ಹೊರಗೆ ಹೋದದ್ದು ಮಾರಾಟ ಎಂದು ನೀವೇ ಬರೆಸಿದ್ದು ಎನ್ನುತ್ತಾ ಅವಳು ಚೀಲದಿಂದ ನೋಟ್‌ಬುಕ್ ತೆಗೆದಳು.

ನಾನು ಕೈಯೆತ್ತಿ ತಡೆದೆ. ನೋಟ್‌ಬುಕ್ಕಿನಲ್ಲಿ ಯಾವಾಗ ಬೇಕಾದರೂ ಏನು ಬೇಕಾದರೂ ಬರೆದುಕೊಳ್ಳಬಹುದು ಎಂದೆ. ಆಮೇಲೆ ಪ್ರಶ್ನೆಪತ್ರಿಕೆಯ ಅಂಚನ್ನು ತೋರಿಸಿದೆ. "ಈ ಚುಕ್ಕಿಗಳು ಏನು? ಒಂಬತ್ತನೆಯದಕ್ಕೆ ಮಾತ್ರ ಮೂರು ಯಾಕೆ?"

ಅವಳು ತಾಯಿಯ ಮುಖ ನೋಡಿದಳು, ಇಂಥದ್ದಕ್ಕೂ ಉತ್ತರ ಕೊಡಬೇಕೇ ಎನ್ನುವಂತೆ. ಲೆಡ್ಜರಿಗೆ ಡೆಬಿಟ್ ಬರೆದ ಕೂಡಲೇ ಒಂದು ಚುಕ್ಕಿ, ಕ್ರೆಡಿಟ್ ಬರೆದ ಕೂಡಲೇ ಇನ್ನೊಂದು ಇಡುತ್ತೇನೆ, ಎರಡೂ ಬೀಳುವವರೆಗೆ ಮುಂದಿನ ಎಂಟ್ರಿಗೆ ಹೋಗುವುದಿಲ್ಲ ಎಂದಳು. ಒಂಬತ್ತನೆಯದರಲ್ಲಿ ನಗದು ಮತ್ತು ರಿಯಾಯಿತಿ ಎರಡು ಡೆಬಿಟ್, ಗಿರಾಕಿಯ ಖಾತೆ ಒಂದು ಕ್ರೆಡಿಟ್, ಅದಕ್ಕೆ ಮೂರು. ಇಷ್ಟನ್ನೂ ಹಿಂದಿಯಲ್ಲಿ, ತಡವರಿಸದೆ ಹೇಳಿದಳು.

ಅಕೌಂಟ್ಸ್ ಕಲಿಸುವವಳಿಗೆ ಅಷ್ಟರಲ್ಲೇ ತಿಳಿಯಬೇಕಿತ್ತು. ಬಿಟ್ಟುಹೋಗದಂತೆ ಪೋಸ್ಟ್ ಮಾಡಲು ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಟ್ಯಾಲಿ ಆಗದ ಮಕ್ಕಳು ಹತ್ತರಲ್ಲಿ ಒಂಬತ್ತು ಸಲ ಒಂದು ಬದಿಯನ್ನು ಬರೆದು ಇನ್ನೊಂದನ್ನು ಮರೆತಿರುತ್ತಾರೆ. ವಾರ ವಾರವೂ ಅವಳದು ಏಕೆ ಟ್ಯಾಲಿ ಆಗುತ್ತಿತ್ತು ಎಂಬುದಕ್ಕೆ ಉತ್ತರ ಆ ಚುಕ್ಕಿಗಳಲ್ಲೇ ಇತ್ತು. ಆದರೆ ಆ ಹೊತ್ತಿಗೆ ನನಗೆ ಅನಿಸಿದ್ದು ಇಷ್ಟೇ, ಎಷ್ಟು ಚೆನ್ನಾಗಿ ತಯಾರಾಗಿ ಬಂದಿದ್ದಾಳೆ!

"ಮೊತ್ತ ಹೇಗೆ ಒಂದೇ ಬಂತು, ಅದು ಹೇಳು," ಎಂದೆ. ಅವಳಿಗೆ ಅದಕ್ಕೆ ಉತ್ತರ ಗೊತ್ತಿರಲಿಲ್ಲ. ಗೊತ್ತಿರುವುದಾದರೂ ಹೇಗೆ? ಅವಳು ಅಳತೊಡಗಿದಳು. ಅಳುವನ್ನು ನಾನು ಒಪ್ಪಿಗೆ ಎಂದು ತೆಗೆದುಕೊಂಡೆ.

ತಾಯಿ ಸೊಂಟದಿಂದ ಕ್ಲಾಸಿನ ಬೀಗದಕೈ ತೆಗೆದು ಮೇಜಿನ ಮೇಲೆ ಇಟ್ಟಳು, ಸದ್ದಾಗದಂತೆ. ಕೆಲಸ ಬಿಡು ಎಂದು ನಾವು ಯಾರೂ ಇನ್ನೂ ಹೇಳಿರಲಿಲ್ಲ. "ಕಳ್ಳತನದ ಮಾತು ಬಂದ್ ಮ್ಯಾಲ ಇದು ನನ್ ಹಂತ್ಯಾಕ ಇರಬಾರ್ದ್ರಿ," ಎಂದಳು. ಮಗಳ ತೋಳು ಹಿಡಿದು ಮೆಟ್ಟಿಲಿಳಿದಳು. ಸರ್ ಚಹಾ ಹೇಳಿದ್ದರು, ನಾಲ್ಕು ಗ್ಲಾಸು ಬಂತು. ನಾವು ಎರಡು ಕುಡಿದೆವು.

ಬುಧವಾರ ರಜೆಯಿತ್ತು. ಮನೆಯಲ್ಲಿ ಕೂತು ಉಳಿದ ಕಾಗದಗಳ ಕಟ್ಟು ಬಿಚ್ಚಿದೆ. ಮೊದಲನೆಯದು ಎಪ್ಪತ್ತಾರು ಸಾವಿರ, ಸರಿ. ಎರಡನೆಯದು ಟ್ಯಾಲಿಯೇ ಆಗಿಲ್ಲ. ಆರನೆಯದೋ ಏಳನೆಯದೋ ತೆರೆದಾಗ ಕೆಳಗೆ ಕಂಡದ್ದು ಎಪ್ಪತ್ತಾರು ಸಾವಿರದ ಎಂಟುನೂರು. ಅಂಬರನಾಥದ ಒಬ್ಬ ಹುಡುಗನದು. ನನ್ನ ಮೊದಲ ಯೋಚನೆ ಏನು ಗೊತ್ತೇ? ಆ ಹುಡುಗಿ ಇವನಿಗೂ ಉತ್ತರ ಕೊಟ್ಟಿದ್ದಾಳೆ ಎಂದು! ನನ್ನ ತಲೆ ಅಷ್ಟು ಚುರುಕಾಗಿ ಕೆಟ್ಟ ದಾರಿಗೇ ಓಡುತ್ತಿತ್ತು. ಇನ್ನೂ ತಿರುವಿದೆ. ಮತ್ತೊಂದು. ಮತ್ತೆರಡು. ಅವಳದು ಬಿಟ್ಟು ಒಟ್ಟು ನಾಲ್ಕು.

ನಾಲ್ಕನ್ನೂ ನೆಲದ ಮೇಲೆ ಹರಡಿ ಕೂತೆ. ಒಬ್ಬರಿಂದೊಬ್ಬರು ನೋಡಿ ಬರೆದದ್ದಲ್ಲ, ಅದು ಬೇಗ ತಿಳಿಯಿತು. ಅಂಬರನಾಥದವನು ಫರ್ನಿಚರಿನ ಖಾತೆಯನ್ನು ಎರಡು ಸಲ ಹೊಡೆದುಹಾಕಿ ಮೂರನೆಯ ಸಲ ಸರಿಮಾಡಿದ್ದ. ಒಬ್ಬಳು ಟ್ರೇಡ್ ಡಿಸ್ಕೌಂಟನ್ನು ಮೊದಲು ಬರೆದು ಆಮೇಲೆ ಅಳಿಸಿದ್ದಳು. ಇನ್ನೊಬ್ಬ ಏಳನೆಯ ಎಂಟ್ರಿಯ ಕೆಳಗಿನ ವಿವರಣೆಯಲ್ಲಿ, ಮಾಲೀಕನಿಗೇ ಮಾಲು ಮಾರಲಾಯಿತು ಎಂದು ಬರೆದಿದ್ದ. ಪ್ರತಿಯೊಬ್ಬರೂ ತಮ್ಮದೇ ದಾರಿಯಲ್ಲಿ ಎಡವಿ, ಏಳನೆಯದರಲ್ಲಿ ಮಾತ್ರ ಒಂದೇ ಹೊಂಡಕ್ಕೆ ಬಿದ್ದಿದ್ದರು.

ಹಾಜರಿ ಪುಸ್ತಕ ನನ್ನ ಚೀಲದಲ್ಲೇ ಇತ್ತು. ಐವರ ಹೆಸರಿನ ಎದುರೂ ಬೆರಳಿಟ್ಟುಕೊಂಡು ಹಿಂದಕ್ಕೆ ಹೋದೆ. ಆಗಸ್ಟಿನ ಒಂದು ಮಂಗಳವಾರ ಐವರಿಗೂ ಗೈರುಹಾಜರಿ. ಅಂದು ಹಳಿಯ ಮೇಲೆ ನೀರು ನಿಂತು ಕಲ್ಯಾಣದ ಕಡೆಯ ಗಾಡಿಗಳು ಬಂದಿರಲಿಲ್ಲ. ನಾನು ಠಾಣೆಯ ಕಡೆಯಿಂದ ಹೇಗೋ ತಲುಪಿದ್ದೆ. ಬಂದಷ್ಟು ಮಕ್ಕಳಿಗೆ ಆ ದಿನದ ಪಾಠ ಮಾಡಿ ಮುಗಿಸಿದ್ದೆ. ಪಾಠದ ಹೆಸರನ್ನು ನಾನೇ ಕೆಂಪು ಮಸಿಯಲ್ಲಿ ಬರೆದಿಟ್ಟಿದ್ದೆ: ಮಾಲಿನ ಡ್ರಾಯಿಂಗ್ಸ್. ಪಕ್ಕದಲ್ಲಿ ಮುಗಿಯಿತು ಎಂಬ ಗುರುತು.

ಕಲ್ಯಾಣದ ಆಚೆಯ ಆ ಐವರಿಗೆ ನಾನು ಅದನ್ನು ಮತ್ತೆ ಹೇಳಿಕೊಟ್ಟಿರಲೇ ಇಲ್ಲ. ಅವರ ಬಳಿ ಇದ್ದದ್ದು ಜುಲೈಯಲ್ಲಿ ನಾನು ಬರೆಸಿದ್ದ ಸಾಲು ಮಾತ್ರ. ಅಂಗಡಿಗೆ ಒಳಗೆ ಬಂದದ್ದು ಖರೀದಿ, ಹೊರಗೆ ಹೋದದ್ದು ಮಾರಾಟ. ಹೊಸಬರಿಗೆ ಸುಲಭವಾಗಲಿ ಎಂದು ಎಲ್ಲ ಬ್ಯಾಚಿಗೂ ನಾನು ಹೇಳುವ ಸಾಲು ಅದು. ಹುಡುಗಿ ನೋಟ್‌ಬುಕ್ ತೆಗೆದದ್ದು ಅದನ್ನು ತೋರಿಸಲು. ಇನ್ನು ನನ್ನ ಚಂದದ ಬಲೆ? ಯಾರೂ ತಾನಾಗಿ ಮಾಡಲಾರರು ಎಂದುಕೊಂಡ ತಪ್ಪು ಎಲ್ಲಿಂದ ನನಗೆ ಹೊಳೆಯಿತು? ಪ್ರತಿ ವರ್ಷ ಪಾಠ ಕೇಳದ ಮಕ್ಕಳು ಅದನ್ನೇ ಮಾಡುತ್ತಾರೆ, ಅದಕ್ಕೇ ಹೊಳೆದದ್ದು.  ಮಧ್ಯಾಹ್ನದ ಊಟ ಸೇರಲಿಲ್ಲ.

ಆದರೂ ಬೆಂಕಿಕಡ್ಡಿ ಇತ್ತಲ್ಲ ಎಂದು, ಅಲ್ಲಿಯವರೆಗೆ ಹೇಳದೆ ಇಟ್ಟಿದ್ದ ಆ ಗುಟ್ಟನ್ನು ಮರುದಿನ ಬಿಚ್ಚಿ ಸರ್ ಅವರನ್ನು ಕೇಳಿದೆ. ನನ್ನ ಮನಸ್ಸು ಇನ್ನೂ ಒಬ್ಬ ಕಳ್ಳನನ್ನು ಬೇಡುತ್ತಿತ್ತು. "ಶನಿವಾರ ಡ್ರಾಯರ್ ನಾನೇ ತೆಗೆದೆ, ಸ್ಟೇಪ್ಲರ್ ಬೇಕಿತ್ತು," ಎಂದರು. ನಾನು ನಾಲ್ಕು ಕಾಗದಗಳನ್ನೂ ಹಾಜರಿ ಪುಸ್ತಕವನ್ನೂ ಅವರ ಮುಂದೆ ಇಟ್ಟು ಎಲ್ಲ ಹೇಳಿದೆ. ಅವರು ಕಾಗದಗಳನ್ನು ಜೋಡಿಸಿ ನನ್ನ ಕಡೆ ಸರಿಸಿದರು. ಆಮೇಲೆ, "ಜಾವೂದ್ಯಾ ಮೇಡಂ," ಎಂದರು. ಹೋಗಲಿ ಬಿಡಿ. ಕಸ ಗುಡಿಸಲು ಬೇರೊಬ್ಬಳು ಬರುತ್ತಿದ್ದಾಳೆ, ಈಗ ಮತ್ತೆ ಕೆದಕಿದರೆ ಉಳಿದ ಪಾಲಕರಿಗೆ ಗೊತ್ತಾಗುತ್ತದೆ, ಕ್ಲಾಸಿನ ಹೆಸರು ಹಾಳು. ಹುಡುಗಿ ಬೇಕಾದರೆ ಬಂದು ಕೂರಲಿ, ಯಾರೂ ಬೇಡ ಎನ್ನುವುದಿಲ್ಲ ಎಂದರು. ನಾನು ಬುಸುಗುಟ್ಟಿದೆ. ಅವರನ್ನು ಬಯ್ಯಲು ನನಗೇನು ಮುಖವಿತ್ತು?

ಭಾನುವಾರ ಕಲ್ಯಾಣಕ್ಕೆ ಹೋದೆ. ಸ್ಟೇಷನ್ನಿನಿಂದ ರಿಕ್ಷಾ, ರಿಕ್ಷಾ ಹೋಗದ ಕಡೆ ಕಾಲ್ನಡಿಗೆ. ಸರ್ ಬಳಿ ಇದ್ದ ಅರ್ಜಿಯಲ್ಲಿ ವಿಳಾಸ ಸಿಕ್ಕಿತ್ತು. ಒಂದೇ ಕೋಣೆಯ ಮನೆ, ಹೊಸ್ತಿಲ ಹೊರಗೆ ನೀರಿನ ಡ್ರಮ್ಮು. ತಾಯಿ ಜೋಳದ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಹುಡುಗಿ ಗೋಡೆಗೊರಗಿ ಕೂತು ಪುಸ್ತಕ ನೋಡುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ತಾಯಿ ಚಾಪೆ ಹಾಸಿದಳು, ನೀರು ಕೊಟ್ಟಳು. ಮರ್ಯಾದೆಗೆ ಒಂದಿಷ್ಟೂ ಕಡಿಮೆ ಮಾಡಲಿಲ್ಲ. ಅದು ನನ್ನನ್ನು ಇನ್ನಷ್ಟು ಕುಗ್ಗಿಸಿತು.

ನಾನು ನೇರವಾಗಿ ಹೇಳಿದೆ. "ತಪ್ಪು ನನ್ನದು. ನಿಮ್ಮ ಮಗಳು ಕದ್ದಿಲ್ಲ."

"ನಮಗ ಗೊತ್ತದ್ರಿ," ಎಂದಳು ತಾಯಿ. ಹಿಟ್ಟು ಜರಡಿ ಹಿಡಿಯುವುದನ್ನು ನಿಲ್ಲಿಸಲಿಲ್ಲ.

ಮಗಳ ಕಡೆ ತಿರುಗಿ, ಮಾಲಿನ ಡ್ರಾಯಿಂಗ್ಸ್ ಪಾಠ ನಾನು ನಿನಗೆ ಹೇಳಿಕೊಟ್ಟಿರಲಿಲ್ಲ ಎಂದೆ. ಅವಳು ಕೈಲಿದ್ದ ಪುಸ್ತಕ ತೋರಿಸಿದಳು. "ಪಢ್ ಲಿಯಾ ಮ್ಯಾಡಮ್. ಪರ್ಚೇಸ್ ಮೇ ಸೇ ಕಮ್ ಕರ್ನಾ ಥಾ," ಎಂದಳು. ಓದಿಕೊಂಡೆ, ಖರೀದಿಯಲ್ಲಿ ಕಳೆಯಬೇಕಿತ್ತು ಎಂದು. ಪುಟದ ಅಂಚಿನಲ್ಲಿ ಎರಡು ಪೆನ್ಸಿಲ್ ಚುಕ್ಕಿ ಕಂಡವು. ಅವಳಿಗೆ ನಾನು ಬೇಕಾಗಿರಲಿಲ್ಲ. ಮತ್ತೆ ಕ್ಲಾಸಿಗೆ ಬಾ ಎಂದೆ. ಅವಳು ತಾಯಿಯನ್ನು ನೋಡಿದಳು. ತಾಯಿ ಇನ್ನೊಂದು ಹಿಡಿ ಹಿಟ್ಟು ಜರಡಿಗೆ ಹಾಕಿದಳು.

ಆಗ ನನಗೆ ಏನನಿಸಿತೋ, ಇವರಿಗೆ ಪೂರ್ತಿ ನಂಬಿಕೆ ಬರಬೇಕು ಎಂದು ಚೀಲದಿಂದ ಆ ನಾಲ್ಕು ಕಾಗದ ತೆಗೆದೆ. ಒಂದೊಂದಾಗಿ ಚಾಪೆಯ ಮೇಲೆ ಇಟ್ಟೆ. ನೋಡಿ, ನಿಮ್ಮ ಮಗಳದು ಒಂದೇ ಅಲ್ಲ, ಇನ್ನೂ ನಾಲ್ಕು ಮಕ್ಕಳಿಗೆ ಇದೇ ಮೊತ್ತ ಬಂದಿದೆ ಎಂದು ಬೆರಳಿಟ್ಟು ತೋರಿಸಿದೆ. ಒಂದೇ ದಿನ, ಒಂದೇ ಹೊತ್ತಿಗೆ, ಇವರೂ ಇದನ್ನೇ ಬರೆದಿದ್ದಾರೆ. ಇದರಲ್ಲಿ ಅವಳ ತಪ್ಪೇನೂ ಇಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ ಎಂದೆ. ಪಾಠ ಹೇಳುವ ದನಿಯಲ್ಲೇ ಹೇಳಿದೆನೋ ಏನೋ.

ತಾಯಿ ಜರಡಿ ಕೆಳಗಿಟ್ಟಳು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ನಾಲ್ಕೂ ಕಾಗದಗಳನ್ನು ಒಂದೊಂದಾಗಿ ನೋಡಿದಳು, ಮೊದಲ ಸಲ.

"ಈ ನಾಕೂ ಮಂದಿ ಅವ್ವಂದ್ರನ್ನೂ ಕರಸೀರೇನ್ರಿ ಮೇಡಂ?"

ಇಲ್ಲ ಎಂದೆ.